ಮಾತು ಬೇಕಾಗದ ಐವತ್ತು ವರ್ಷ

ಮುತ್ತುರಾಜನ ಕಷ್ಟ ಶುರುವಾದದ್ದು ಒಂದು ಖಾಲಿ ಜಾಗದಿಂದ. ಆ ಜಾಗ ಇದ್ದದ್ದು ಮದುವೆಯ ಐವತ್ತನೇ ವರ್ಷದ ಫ್ಲೆಕ್ಸ್ ಬ್ಯಾನರಿನ ಎಡಗಡೆ. ಬಲಗಡೆ ತಾತ ಲಕ್ಷ್ಮಣಪ್ಪ, ಅಜ್ಜಿ ಉಜ್ಜಿನಮ್ಮ ಆಧಾರ್ ಕಾರ್ಡಿಗೆ ಕೂತವರಂತೆ ಬಿಗಿಯಾಗಿ ಕೂತಿದ್ದರು.

"ಅಣ್ಣಾ, ಫೋಟೋ ಕುಂದ್ರಿಸೀನ್ರಿ. ಬಾಜೂಕ ಮ್ಯಾಟರ್ ಏನು ಹಾಕ್ಲಿ?" ಬೆಳಿಗ್ಗೆಯೇ ಫೋನ್ ಮಾಡಿದ ರಾಯದುರ್ಗದ ಬಸ್ ಸ್ಟ್ಯಾಂಡ್ ಎದುರಿನ ಫ್ಲೆಕ್ಸ್ ಅಂಗಡಿಯ ಈಶ್ವರ್. "ಮಧ್ಯಾಹ್ನ ಎರಡರ ಒಳಗ ಕೊಡ್ರಿ. ಮಷೀನಿಗೆ ಹೋದ್ಮ್ಯಾಲ ನನ್ನ ಕೈಯಾಗಿಲ್ಲ. ನನ್ನತ್ರ ರೆಡಿಮೇಡೂ ಐತ್ರಿ: 'ಆದರ್ಶ ದಂಪತಿಗಳಿಗೆ ಸುವರ್ಣ ಸಂಭ್ರಮದ ಶುಭಾಶಯಗಳು.' ಕನ್ನಡದಾಗ ಬೇಕಂದ್ರ ಕನ್ನಡ, ತೆಲುಗಿನಾಗ ಬೇಕಂದ್ರ ತೆಲುಗು."

"ಅದನ್ನೇ ಹಾಕಿಬಿಡು," ಅನ್ನುವಷ್ಟರಲ್ಲಿ ಇನ್ನೊಂದು ಫೋನು ಬಂತು. ಮಡಕಶಿರದಿಂದ ಸುಜಾತತ್ತೆ. ಮುತ್ತುರಾಜನ ಅಪ್ಪನ ತಂಗಿ, ಅಲ್ಲಿಯ ಕನ್ನಡ ಶಾಲೆಯ ಟೀಚರು. ಅದಕ್ಕಿಂತ ಮುಖ್ಯವಾದದ್ದು, ಮಂಜುಳಳ ತಾಯಿ. ಮಂಜುಳಳನ್ನು ತನಗೆ ಕೊಡುತ್ತಾರೋ ಇಲ್ಲವೋ ಅನ್ನುವ ಒಂದೇ ಚಿಂತೆಯಲ್ಲಿ ಮುತ್ತುರಾಜ ಎರಡು ವರ್ಷದಿಂದ ಊಟ ಮಾಡುತ್ತಿದ್ದ. ಜಾಸ್ತಿಯೇ ಮಾಡುತ್ತಿದ್ದ.

"ಏನಪ್ಪಾ ಮುತ್ತು, ಬ್ಯಾನರ್‌ಗೆ ನೀನೇ ಬರೀತೀಯಂತೆ? ಕನ್ನಡ ಬಿ.ಎ. ಮಾಡಿದ್ದೀಯ, ನೋಡೇಬಿಡನ. ಆದರ್ಶ ದಂಪತಿ ಗೀದರ್ಶ ದಂಪತಿ ಅಂತ ಬರದೀಯಾ, ಹುಷಾರು! ಆ ಹೆಸರು ಕಿತ್ತು ಪಕ್ಕದ ಮನೆಯೋರ ಹೆಸರು ಹಾಕುದ್ರೂ ಒಪ್ಪುತ್ತೆ ಅಂದ್ರೆ ಅದು ಬರವಣಿಗೆ ಅಲ್ಲ ಕಣಪ್ಪ, ಬಾಡಿಗೆ ಸೈಕಲ್ಲು. ನಮ್ಮಪ್ಪ ನಮ್ಮಮ್ಮ ದಿನಾ ಏನು ಮಾಡ್ತಾರೆ, ಸಣ್ಣ ಸಣ್ಣ ರೂಢಿ, ಅದನ್ನ ಬರಿ. ಓದಿದೋರ ಕಣ್ಣಿಗೆ ಅವರಿಬ್ರೇ ಕಾಣ್ಬೇಕು. ಮಂಜುಳನ್ ವಿಷ್ಯ ಸಾಯಂಕಾಲ ಮಾತಾಡನ."

ಕ್ಯಾಪ್ಷನ್ ಅನ್ನುವುದು ಟೆನ್ಷನ್ ಆದದ್ದು ಆ ಕ್ಷಣದಲ್ಲಿ. ಜೀನ್ಸ್ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್ ಆಗಿದ್ದ ಮುತ್ತುರಾಜ ರಜೆ ಹಾಕಿದ್ದ. ರಜೆ ಈಗ ಸಜೆಯಾಯಿತು. ಅವನ ಅಪ್ಪ ಅಮ್ಮ ಶಾಮಿಯಾನ, ಅಡುಗೆ ಅಂತ ಓಡಾಡುತ್ತಿದ್ದರು. ಇವನು ಬಾಲ ಸುಟ್ಟ ಬೆಕ್ಕಿನಂತೆ ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿಂದ ಪಡಸಾಲೆಗೆ ತಿರುಗತೊಡಗಿದ.

ಮೊದಲು ಕಟ್ಟೆಯ ಮೇಲಿದ್ದ ತಾತನ ಹತ್ತಿರ ಹೋದ.

"ತಾತಾ, ನೀನು ದಿನಾ ತಪ್ಪದಂಗ ಏನು ಮಾಡ್ತೀಯ?"

"ಉಸಿರಾಡ್ತೀನಿ."

"ಅದಲ್ಲ ತಾತ. ಅಜ್ಜಿಗೋಸ್ಕರ?"

"ಆಕಿಗೋಸ್ಕರಾನ ಉಸಿರು ಬಿಡ್ತೀನಿ. ಹಿಡಕಂಡಿದ್ದು ನನಗೋಸ್ಕರ."

ಅಡುಗೆಮನೆಯಲ್ಲಿ ಅಜ್ಜಿ ಕಾಳು ಆರಿಸುತ್ತಿದ್ದಳು. ರಾಯದುರ್ಗಕ್ಕೆ ಸೊಸೆಯಾಗಿ ಬಂದು ಐವತ್ತು ವರ್ಷವಾದರೂ ಅವಳ ನಾಲಿಗೆ ಇನ್ನೂ ಮಡಕಶಿರದಲ್ಲೇ ವಾಸವಾಗಿತ್ತು. "ದಿನಾ ಏನ್ ಮಾಡದ್ಲಾ? ಗೇಯದು, ಬೇಯ್ಸದು. ಅದ್ನೂ ಬ್ಯಾನರ್‌ಗೆ ಹಾಕ್ತೀಯಾ? ಎದ್ದೋಗ್ಲಾ, ಕಾಳಿನ್ ಮ್ಯಾಲೆ ನಿಂತವ್ನೆ!"

ಎದುರು ಮನೆಯ ಉಚ್ಚಂಗಮ್ಮ ಕರೆಯದೆಯೇ ಬಂದಳು. ಆಕೆ ಓಣಿಯ ಎಲ್ಲ ಮನೆಗಳ ಒಗ್ಗರಣೆಗೂ ಮೂಗು ಕೊಡುವ ಹೆಂಗಸು. "ಬರಕೋ ಮುತ್ತಣ್ಣ. ನಿಮ್ಮ ತಾತ ದಿನಾ ಅಜ್ಜಿ ತುರುಬಿಗೆ ಮಲ್ಲಿಗಿ ಮುಡಸ್ತಿದ್ದ."

"ಮುಡಸ್ತಿದ್ನಾ? ನೀವು ನೋಡೀರಾ?"

"ನೋಡಿಲ್ಲಪ್ಪ. ಬರದ್ರ ಚೆಂದ ಇರ್ತೈತಿ. ನಮ್ಮನೀಯವರೂ ಓದ್ತಾರ, ಸ್ವಲ್ಪ ಬುದ್ಧಿ ಬರ್ತೈತಿ."

ಕೇಳಿದರೆ ಆಗುವ ಕೆಲಸವಲ್ಲ ಎಂದು ಮುತ್ತುರಾಜನಿಗೆ ಗೊತ್ತಾಯಿತು. ರೂಢಿ ಅನ್ನುವುದು ಮಾಡುವವರಿಗೆ ಕಾಣುವುದಿಲ್ಲ. ಮೂಗಿನ ಮೇಲಿನ ಕನ್ನಡಕ ಹುಡುಕಿದಂತೆ. ಅವನು ಪಡಸಾಲೆಯ ಮೂಲೆಯಲ್ಲಿ ಪೇಪರ್ ಓದುವವನಂತೆ ಕೂತು, ಪೇಪರಿನ ಮೇಲಿಂದ ಇಣುಕತೊಡಗಿದ.

ಆಗ ಕಂಡವು, ಒಂದೊಂದಾಗಿ.

ತಾತ ಟೀ ಕುಡಿದು ಲೋಟವನ್ನು ನೆಲಕ್ಕೆ ಬೋರಲು ಹಾಕಿದ. ಟೀ ಪಾತ್ರೆ ಹಿಡಿದು ಬರುತ್ತಿದ್ದ ಅಜ್ಜಿ, ಅದನ್ನು ನೋಡಿ ಅರ್ಧದಿಂದಲೇ ಹಿಂದೆ ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಬಳೆಗಳ ಸದ್ದು ಬಂತು. ತಾತ ಎದ್ದು ಕೈ ತೊಳೆದು ತಟ್ಟೆಯ ಮುಂದೆ ಕೂತ. "ಮುತ್ತಾ, ನಿಮ್ಮಜ್ಜಿಗೆ ಹೇಳು, ಸಾರಿಗೆ ಉಪ್ಪು ಕಮ್ಮಿ ಐತಿ ಅಂತ," ಅಂದ. ಅಜ್ಜಿ ಕೈಯಳತೆಯಲ್ಲೇ ಇದ್ದಳು; ಉಪ್ಪಿನ ಡಬ್ಬಿ ಸರಿಯಿತು. ಊಟವಾದ ಮೇಲೆ ತಾತ ಕೋಲು ಎತ್ತಿಕೊಳ್ಳುವ ಮೊದಲೇ ಅಜ್ಜಿ ಹೊಸ್ತಿಲಾಚೆ ಅವನ ಚಪ್ಪಲಿಗಳನ್ನು ಕಾಲಿಂದ ತಿರುಗಿಸಿ, ಬೀದಿಯ ಕಡೆ ಮುಖ ಮಾಡಿ ಇಟ್ಟಳು.

ಮುತ್ತುರಾಜ ಪೇಪರ್ ಮಡಚಿಟ್ಟ. ಇಷ್ಟು ವರ್ಷ ಈ ಮನೆಯಲ್ಲೇ ಬೆಳೆದಿದ್ದಾನೆ, ಇದನ್ನು ನೋಡಿಯೇ ಇರಲಿಲ್ಲ! ಒಂದು ಮಾತಿಲ್ಲ, ಕತೆಯಿಲ್ಲ, ಎಂಥ ಹೊಂದಾಣಿಕೆ!

ಅಂಗಡಿಗೆ ಓಡಿದ. ಬರೆದದ್ದನ್ನು ಈಶ್ವರ್ ಓದಿದ, ಓದಿದ, ಇನ್ನೂ ಓದಿದ.

"ಅಣ್ಣಾ, ಇದು ಬ್ಯಾನರ್ರೋ ಪಠ್ಯಪುಸ್ತಕಾನೋ? ಬೈಕ್ ಮ್ಯಾಲ ಹೋಗೋರು ಓದಬೇಕಂದ್ರ ಅಕ್ಷರ ಮುಷ್ಟಿಯಷ್ಟು ಇರಬೇಕ್ರಿ. ಇಷ್ಟೆಲ್ಲಾ ಹಾಕಿದ್ರ ಸಾಸಿವಿ ಕಾಳು ಚೆಲ್ಲಿದಂಗ ಕಾಣತೈತಿ."

ಕತ್ತರಿಸುವ ಕೆಲಸ ಶುರುವಾಯಿತು. 'ಅನುಪಮ' ಹೋಯಿತು. 'ಅವಿನಾಭಾವ' ಹೋಗುವಾಗ ಮುತ್ತುರಾಜನಿಗೆ ಹಲ್ಲು ಕಿತ್ತಷ್ಟು ನೋವಾಯಿತು. ಉಪ್ಪಿನ ಡಬ್ಬಿ ಹೋಯಿತು. ತಾತನದೊಂದು, ಅಜ್ಜಿಯದೊಂದು, ಆಮೇಲೆ ಚಪ್ಪಲಿ, ಇಷ್ಟು ಉಳಿಯಿತು. ಹೊಗಳಿಕೆಯ ಪದಗಳೆಲ್ಲ ಖಾಲಿಯಾದ ಮೇಲೆ ಮಾಡುವ ಕೆಲಸ ಮಾತ್ರ ಎದ್ದು ಕಂಡಿತು. ಗಟ್ಟಿಯಾಗಿ ಓದಿದ; ಸಾಲಿಗೊಂದು ಉಸಿರು ಸಾಕಾಯಿತು. ಕೊನೆಗೆ ಎಲ್ಲವನ್ನೂ ಕಟ್ಟಿಹಾಕುವ ಒಂದು ಸಾಲು ಬೇಕಿತ್ತು. ಅದು ತಾನಾಗಿಯೇ ಬಂತು.

ಫೋನಿನಿಂದ ಕಂಪ್ಯೂಟರಿಗೆ ಹಾಕಿದಾಗ ಒತ್ತಕ್ಷರಗಳು ಮಳೆ ಬಂದ ಸಂತೆಯಂತೆ ದಿಕ್ಕಾಪಾಲಾದವು. "ಫಾಂಟ್ ಕೂಡಾಕತ್ತಿಲ್ರಿ," ಎಂದು ಈಶ್ವರ್ ಇಡೀ ಮ್ಯಾಟರನ್ನು ಕೈಯಾರೆ ಮತ್ತೆ ಟೈಪು ಮಾಡಿದ. ಮುತ್ತುರಾಜ ಪ್ರೂಫನ್ನು ಮುಂದಿನಿಂದ ಓದಿದ. ಹೆಸರುಗಳನ್ನು ಮಾತ್ರ ಹಿಂದಿನಿಂದಲೂ ಓದಿದ. ಮಷೀನು ಕುಂಯ್ಗುಟ್ಟುತ್ತಾ ಸಾಲು ಸಾಲಾಗಿ ಉಗುಳಿತು. ಬಣ್ಣ ಆರುವವರೆಗೂ ಮುತ್ತುರಾಜ ಹೆರಿಗೆ ಆಸ್ಪತ್ರೆಯ ಗಂಡನಂತೆ ಅಂಗಡಿಯ ಮುಂದೆ ಅಡ್ಡಾಡಿದ. ಆಮೇಲೆ ಹಗ್ಗ ಕಟ್ಟಲು ಮೂಲೆಗಳಿಗೆ ರಿಂಗ್ ಹೊಡೆಸಿ, ಸುರುಳಿ ಸುತ್ತಿಕೊಂಡು ಓಡಿದ.

ಸಂಜೆ ಬ್ಯಾನರ್ ಏರಿತು. ಮಡಕಶಿರದ ಬಸ್ಸಿಳಿದು ಬಂದ ಸುಜಾತತ್ತೆ ಚೀಲ ಕೆಳಗಿಡದೆ ಅದರ ಮುಂದೆ ನಿಂತರು. ಹಿಂದೆ ಮಂಜುಳ. ಅತ್ತೆ ತರಗತಿಯಲ್ಲಿ ಓದುವ ದನಿಯಲ್ಲಿ, ಓಣಿಗೆಲ್ಲ ಕೇಳುವಂತೆ ಓದಿದರು:

"ತಾತ ಲೋಟ ಬೋರಲು ಹಾಕಿದರೆ ಅಜ್ಜಿಗೆ ಗೊತ್ತು: ಸಾಕು.
ಅಜ್ಜಿ ಬಳೆ ಸದ್ದು ಮಾಡಿದರೆ ತಾತನಿಗೆ ಗೊತ್ತು: ಊಟಕ್ಕೆ ಕರೆ.
ತಾತ ಏಳುವ ಮೊದಲೇ ಚಪ್ಪಲಿ ಬೀದಿಗೆ ಮುಖ ಮಾಡಿರುತ್ತದೆ.
ಮಾತು ಬೇಕಾಗದ ಐವತ್ತು ವರ್ಷ.
ಲಕ್ಷ್ಮಣಪ್ಪ, ಉಜ್ಜಿನಮ್ಮ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಉಚ್ಚಂಗಮ್ಮ ತನ್ನ ಗಂಡನನ್ನು ಮೊಣಕೈಯಿಂದ ತಿವಿದಳು. ಮಂಜುಳ ಮುತ್ತುರಾಜನ ಕಡೆ ನೋಡಿ ನಕ್ಕಳು.

"ಭೇಷ್ ಕಣಪ್ಪ," ಅಂದರು ಅತ್ತೆ. "ಹಿಂಗಿರ್ಬೇಕು! ಇಷ್ಟು ಸೂಕ್ಷ್ಮವಾಗಿ ನೋಡೋ ಹುಡುಗ ಹೆಂಡ್ತೀನೂ ಚೆನ್ನಾಗಿ ನೋಡ್ಕೊಂಡಾನು." ಮುತ್ತುರಾಜನ ಅಪ್ಪನ ಕಡೆ ತಿರುಗಿದರು. "ಅಣ್ಣಾ, ಮಂಜುಳನ್ ವಿಷ್ಯದಲ್ಲಿ ನಾನು..."

"ಬೇಕಾಗದ?"

ಅಜ್ಜಿಯ ದನಿ. ಅವಳು ಹೊಸ ಸೀರೆಯಲ್ಲಿ, ಹಾರ ಹಾಕಿಕೊಂಡು ಕುರ್ಚಿಯ ಮೇಲಿದ್ದಳು. ಪಕ್ಕದ ಕುರ್ಚಿಯಲ್ಲಿ ತಾತ.

"ಮಾತು ಬೇಕಾಗದ ಅಂತ ಯಾರ್ಲಾ ಹೇಳಿದ್ದು ನಿಂಗೆ? ನಂಗೆ ಬೇಕಾಗಿತ್ತು!" ಅಜ್ಜಿ ಇಡೀ ಮೈಯನ್ನೇ ತಾತನ ಕಡೆ ತಿರುಗಿಸಿದಳು. "ಇವ್ರ ಬಾಯಿಗೇನಾಗಿತ್ತು ಕೇಳು! ಸುಜಾತನ್ ಮದ್ವೇಲಿ, ನನ್ ತೌರೋರ ಮುಂದೆ, ನಾನ್ ಮಾಡಿದ್ ಮುದ್ದೆ ನೋಡಿ 'ಇದೇನು ಮುದ್ದಿಯೋ, ಗೋಡಿಗೆ ಮೆತ್ತೋ ಮಣ್ಣೋ' ಅಂದ್ರಲ್ಲ, ನೆಪ್ಪೈತಾ? ಅವತ್ತು ಬಿಟ್ಟೆ ಮಾತು. ತಪ್ಪಾಯ್ತು ಅಂತ ಒಂದ್ಸಲನಾದ್ರೂ ಬಾಯಿ ಬಿಟ್ರಾ?"

ಶಾಮಿಯಾನದಲ್ಲಿದ್ದವರು ಕುರ್ಚಿಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಸುಜಾತತ್ತೆಯ ಮದುವೆ! ಆಗ ಮುತ್ತುರಾಜ ತೊಟ್ಟಿಲಲ್ಲಿದ್ದ.

"ಮಾತು ಬಿಟ್ಟಾಕಿ ನೀನು, ಶುರು ಮಾಡಾಕಿನೂ ನೀನ ಅಂತ ನಾ ಕಾಯಾಕತ್ತಿದ್ದೆ," ಅಂದ ತಾತ.

"ಅವತ್ತಿಂದ?" ಕೇಳಿದರು ಸುಜಾತತ್ತೆ.

"ಅವತ್ತಿಂದ."

ಮುತ್ತುರಾಜನ ಅಪ್ಪ ತಲೆ ಕೆರೆದುಕೊಂಡ. "ನಾನು ವಯಸ್ಸಾತು, ಅದಕ್ಕ ಮಾತು ಕಮ್ಮಿ ಆಗೈತಿ ಅಂದ್ಕಂಡಿದ್ದೆ."

"ಮತ್ತ ಆ ಲೋಟ?" ಕ್ಷೀಣ ದನಿಯಲ್ಲಿ ಕೇಳಿದ ಮುತ್ತುರಾಜ.

"ಖಾಲಿ ಆಗೈತಿ, ಇನ್ನೊಂದು ಲೋಟ ಹಾಕು ಅಂತ ತೋರಿಸ್ತಿದ್ದೆನಲೇ! ಬಾಯಿ ಬಿಟ್ಟು ಕೇಳಾಂಗಿಲ್ಲಲ್ಲ. ಈಕಿ ದಿನಾ ನೋಡಿ ವಾಪಸ್ ಹೋಗ್ತಿದ್ಲು."

"ಅಯ್ಯೋ ಶಿವನೆ! ನಾನ್ ಸಾಕು ಅಂದ್ಕಂಡೆ. ನಾನ್ ಬಳೆ ಗಲ್ ಅನ್ಸಿದ್ದು ಉಂಬಕ್ಕೆ ಬಾ ಅಂತ ಅಲ್ಲ, ಸಿಟ್ಟಿಗೆ! ಮಾತಾಡುಸ್ತಾರೇನೋ ಅಂತ ನೋಡಿದ್ರೆ ಕೈ ತೊಳ್ಕಂಡು ಬಂದ್ ಕೂತ್ಕಳರು."

"ಚಪ್ಪಲಿ?" ಕೇಳಿದ್ದು ಮಂಜುಳ.

"ಇನ್ನೇನವ್ವ, ಎದ್ದು ಆಚೆಗ್ ಹೋಗ್ಲಿ ಅಂತ!"

ನಗು ಓಣಿಯ ಆ ತುದಿಯವರೆಗೂ ಹೋಗಿ ವಾಪಸು ಬಂತು. ತಾತ ಕುರ್ಚಿಯ ಕೆಳಗಿದ್ದ ಖಾಲಿ ಟೀ ಲೋಟವನ್ನು ಎತ್ತಿ ನೆಟ್ಟಗೆ ಹಿಡಿದು, "ತಪ್ಪಾತು. ಈಗ ಹಾಕು, ಉಜ್ಜಿನಿ," ಅಂದ. ಅಜ್ಜಿ ಎದ್ದು ಹೋಗಿ ತುಂಬಿಸಿ ತಂದಳು. ಆಮೇಲೆ ಶುರುವಾಯಿತು ನೋಡಿ! ಸತ್ತ ಎಮ್ಮೆ, ಮಾರಿದ ಕುರಿ, ಸೋರಿದ ಮಾಳಿಗೆ, ಒಳಗೆ ಕೂಡಿಟ್ಟ ಮಾತೆಲ್ಲ ಒಡೆದ ಕೆರೆಯಂತೆ ನುಗ್ಗಿತು. ಶುಭಾಶಯ ಹೇಳಲು ಬಂದವರಿಗೆ ಮಧ್ಯೆ ಬಾಯಿ ಹಾಕಲು ಸಂದು ಸಿಗಲಿಲ್ಲ.

ಮುತ್ತುರಾಜ ಮೆಲ್ಲಗೆ ಅತ್ತೆಯ ಕಡೆ ತಿರುಗಿದ. "ಅತ್ತೆ, ಏನೋ ಹೇಳ್ತಿದ್ರಿ... ಮಂಜುಳನ ವಿಷಯ..."

ಸುಜಾತತ್ತೆ ಬ್ಯಾನರನ್ನು ಉತ್ತರ ಪತ್ರಿಕೆಯಂತೆ ಮತ್ತೊಮ್ಮೆ ನೋಡಿದರು. "ಮೂರು ರೂಢಿ ಬರ್ದಿದ್ದೀಯ, ಮೂರೂ ತಪ್ಪು. ಒಂದೇ ಮನೇಲಿದ್ದು, ದಿನಾ ಕಣ್ಣೆದುರಿಗಿರೋ ಇಬ್ರು ಮಾತು ಬಿಟ್ಟವ್ರೆ ಅನ್ನೋದೇ ನಿನಗೆ ಕಾಣ್ಲಿಲ್ಲ. ನನ್ ಮಗಳು ಮುನಿಸ್ಕೊಂಡ್ರೆ ನೀನು ಅದಕ್ಕೂ ಒಂದು ಬ್ಯಾನರ್ ಹಾಕ್ಸೋನೇ ಕಣಪ್ಪ! ಹೆಂಗ್ ಕೊಡ್ಲಿ?"

"ಅತ್ತೆ, ನಿಮಗೂ ಗೊತ್ತಿರಲಿಲ್ಲ..." ಅಂದುಬಿಟ್ಟ. ಅತ್ತೆಯ ಮುಖ ನೋಡಿದ ಮೇಲೆ, ಅನ್ನಬಾರದಿತ್ತು ಎಂದು ತಿಳಿಯಿತು. ಮಂಜುಳ ತುಟಿ ಕಚ್ಚಿಕೊಂಡು ತಾಯಿಯ ಚೀಲ ಎತ್ತಿಕೊಂಡು ಒಳಗೆ ನಡೆದಳು. ನಗು ತಡೆದಳೋ, ಅಳು ತಡೆದಳೋ, ಸೂಕ್ಷ್ಮವಾಗಿ ನೋಡುವ ಹುಡುಗನಿಗೆ ಗೊತ್ತಾಗಲಿಲ್ಲ.

ಈಗ ಉಳಿದದ್ದು ಒಂದೇ ದಾರಿ. ಅತ್ತೆ ಯಾರ ಮಾತನ್ನಾದರೂ ಕೇಳಿದರೆ ಅದು ಹೆತ್ತವರ ಮಾತು ಮಾತ್ರ. ಮುತ್ತುರಾಜ ಎರಡು ಕುರ್ಚಿಗಳ ನಡುವೆ ಮಂಡಿಯೂರಿ ಕೂತು, ಕೈ ಮುಗಿದು, "ತಾತಾ, ಅಜ್ಜಿ, ನನ್ನ ಪರವಾಗಿ ಅತ್ತೆ ಹತ್ರ ಒಂದೇ ಒಂದು ಮಾತು..." ಎಂದ.

ಇಬ್ಬರೂ ಒಟ್ಟಿಗೆ ಇವನ ಕಡೆ ತಿರುಗಿದರು.

"ಸುಮ್ಕಿರ್ಲಾ!" ಅಂದಳು ಅಜ್ಜಿ.

"ಕಾಣ್ಸಾಕತ್ತಿಲ್ಲೇನಲೇ?" ಅಂದ ತಾತ. "ನಾವು ಮಾತಾಡಾಕತ್ತೀವಿ."