ಬಿಸಿಲು ಬಂದ ಮೇಲೆ ಬಂದ ನೀರು

ವಿದೇಶದ ಮೊದಲ ಚಳಿಗಾಲದ ಬಗ್ಗೆ ಬರೆಯುವವರೆಲ್ಲ ಹಿಮದ ಫೋಟೋ ಹಾಕುತ್ತಾರೆ. ಕೆಂಪು ಮೂಗು, ಬಾಯಿಂದ ಹೊಗೆ, ಹಿಂದೆ ಬಿಳಿಯ ಬಯಲು. ನನ್ನ ಬಳಿ ಅಂಥದ್ದು ಒಂದೂ ಇಲ್ಲ. ನಾನು ಓದಲು ಬಂದದ್ದು ಒಮಾನಿಗೆ. ಆದರೆ ದಾವಣಗೆರೆಯ ನಮ್ಮ ಓಣಿಯಲ್ಲಿ ‘ಫಾರಿನ್’ ಎಂದರೆ ಎಲ್ಲವೂ ಒಂದೇ. ಪಕ್ಕದ ಮನೆಯ ಶಾರದತ್ತೆ ಎರಡು ಸ್ವೆಟರ್, ಒಂದು ಮಂಗನ ಟೋಪಿ ಕೊಟ್ಟು ಕಳಿಸಿದ್ದರು. ಸೆಪ್ಟೆಂಬರಿನಲ್ಲಿ ಮಸ್ಕತ್ ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಟ್ಟಾಗ ಯಾರೋ ರೊಟ್ಟಿಯ ಹಂಚನ್ನು ಮುಖದ ಹತ್ತಿರ ಹಿಡಿದ ಹಾಗಾಯಿತು. ಸ್ವೆಟರಿದ್ದ ಸೂಟ್‌ಕೇಸನ್ನು ನಾಚಿಕೆಯಿಂದ ಎಳೆದುಕೊಂಡು ಹೋದೆ.

ನನಗೆ ಕೋಣೆ ಸಿಕ್ಕಿದ್ದು ಮಸ್ಕತ್ತಿನ ಅಂಚಿನ ಅಲ್ ಮಬೇಲಾದಲ್ಲಿ, ಉಮ್ಮರಿಚ್ಚನ ಜೊತೆ. ಇಚ್ಚ ಎಂದರೆ ಅವರ ಕಡೆ ಅಣ್ಣ. ಊರು ಬಂಟ್ವಾಳದ ಹತ್ತಿರ, ಕೆಲಸ ಎ.ಸಿ. ರಿಪೇರಿ, ವಯಸ್ಸು ಐವತ್ತೆರಡು. ನನ್ನ ಮಾವ ಮಂಗಳೂರಿನಲ್ಲಿದ್ದಾಗಿನ ಪರಿಚಯ. ಮೊದಲ ದಿನ ಸ್ನಾನಕ್ಕೆಂದು ತಣ್ಣೀರಿನ ನಲ್ಲಿ ತಿರುಗಿಸಿ ನಾನು ಕಿರುಚಿದ್ದು ಮೂರು ಮನೆಗೆ ಕೇಳಿಸಿತಂತೆ. ಉಮ್ಮರಿಚ್ಚ ಬಾಗಿಲ ಹೊರಗಿನಿಂದಲೇ ಪಾಠ ಮಾಡಿದರು: “ಮಾರಾಯ, ಇಲ್ಲಿ ಸೆಕೆಗಾಲದಲ್ಲಿ ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು ಬರುವುದು. ಟ್ಯಾಂಕಿ ತಾರಸಿ ಮೇಲೆ ಉಂಟು, ಬಿಸಿಲಿಗೆ ಕುದೀತದೆ. ಗೀಸರ್ ಒಳಗೆ ಉಂಟಲ್ಲ, ಅದನ್ನು ಆಫ್ ಮಾಡಿ ಇಟ್ಟರೆ ಅದರೊಳಗಿನ ನೀರು ತಂಪಾಗ್ತದೆ. ಎಂಜಿನಿಯರ್ ಅಲ್ಲವಾ ನೀನು?” ನಾನು ನೀರಿನ ಎಂಜಿನಿಯರಿಂಗ್‌ನಲ್ಲೇ ಸ್ನಾತಕೋತ್ತರ ಪದವಿಗೆ ಬಂದವನು. ನೀರಿನ ಬಗ್ಗೆ ನನ್ನ ಮೊದಲ ಪಾಠ ಮೈಗೆ ಸೋಪು ಹಚ್ಚಿಕೊಂಡೇ ಆಯಿತು.

ನವೆಂಬರ್ ಮುಗಿಯುವಷ್ಟರಲ್ಲಿ ಒಂದು ಬೆಳಗ್ಗೆ ಎದ್ದರೆ ಕೋಣೆ ವಿಚಿತ್ರವಾಗಿ ಮೌನವಾಗಿತ್ತು. ಎ.ಸಿ. ನಿಂತಿತ್ತು, ಕೆಟ್ಟಿರಲಿಲ್ಲ, ಬೇಕಾಗಿರಲಿಲ್ಲ. ಚಳಿಗಾಲ ಇಲ್ಲಿಗೆ ಬರುವುದು ಹೀಗೆ, ಸದ್ದು ನಿಂತು. ಗೀಸರಿಗೆ ಸ್ವಿಚ್ ಬಿತ್ತು, ನಲ್ಲಿಗಳು ತಮ್ಮ ತಮ್ಮ ಹೆಸರಿಗೆ ಮರಳಿದವು. ಆರು ತಿಂಗಳು ಗೋಡೆಗಳ ನಡುವೆ ಬದುಕಿದ ಊರು ಚಾಪೆ, ಇದ್ದಿಲು, ಮಾಂಸದ ಕಡ್ಡಿ ಹಿಡಿದು ಸಮುದ್ರ ದಂಡೆಗೆ ಹೊರಟಿತು. ನಮ್ಮೂರಲ್ಲಿ ಚಳಿಗೆ ಜನ ಒಳಗೆ ಸೇರಿಕೊಂಡರೆ ಇಲ್ಲಿ ಹೊರಗೆ ಬರುತ್ತಾರೆ. ಹದಿನೆಂಟು ಡಿಗ್ರಿಗೆ ಉಮ್ಮರಿಚ್ಚ ಮಫ್ಲರ್ ಸುತ್ತಿಕೊಂಡು ಗಡಗಡ ನಡುಗುವುದನ್ನು ನೋಡಿ ನಾನು ನಗುತ್ತಿದ್ದೆ. ಎರಡೇ ವಾರದಲ್ಲಿ ಶಾರದತ್ತೆಯ ಸ್ವೆಟರಿನೊಳಗೆ ಕೂತು ನಾನೂ ನಡುಗತೊಡಗಿದೆ.

ಎ.ಸಿ. ಮೆಕ್ಯಾನಿಕ್ಕುಗಳಿಗೆ ಈ ಕಾಲ ಕೆಲಸವಿಲ್ಲದ ಕಾಲ. ಹಾಗಾಗಿ ರಜೆ ಸಿಗುವುದೂ ಆಗಲೇ. ಇಪ್ಪತ್ತು ವರ್ಷಗಳಿಂದ ಉಮ್ಮರಿಚ್ಚ ಊರು ಕಂಡದ್ದು ಚಳಿಗಾಲದಲ್ಲಿ ಮಾತ್ರ. “ನಮ್ಮ ಊರಿನ ಮಾವಿನಹಣ್ಣಿನ ರುಚಿಯೇ ಮರೆತು ಹೋಗಿದೆ ನನಗೆ,” ಎನ್ನುತ್ತಿದ್ದರು. ಅವರನ್ನು ಸಾಕಿದ್ದು ಅಕ್ಕ ಖತೀಜಮ್ಮ. ತಾಯಿ ಹೋದಾಗ ಇವರಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿಮೂರು. ಬೀಡಿ ಕಟ್ಟಿ ಓದಿಸಿದ್ದಳಂತೆ. ಜನವರಿಯ ಟಿಕೆಟ್ ಆಗಿತ್ತು. ಅಕ್ಕನಿಗೆಂದು ತೆಗೆದಿಟ್ಟ ನೋವಿನೆಣ್ಣೆ, ಖರ್ಜೂರ, ಕಂಬಳಿ ಮಂಚದ ಕೆಳಗಿದ್ದವು.

ಡಿಸೆಂಬರಿನ ಒಂದು ಬೆಳಗ್ಗೆ, ನಸುಕಿನ ಫಜರ್ ನಮಾಜು ಮುಗಿಯುವ ಹೊತ್ತಿಗೆ ಫೋನ್ ಬಂತು. ಉಮ್ಮರಿಚ್ಚ ಹೂಂ ಹೂಂ ಎನ್ನುತ್ತ ಕೇಳಿಸಿಕೊಂಡು, ಫೋನನ್ನು ಮಂಚದ ಮೇಲಿಟ್ಟು, ಷರ್ಟಿನ ಗುಂಡಿ ಹಾಕಿಕೊಳ್ಳತೊಡಗಿದರು. ಹಾಕಿದ ಗುಂಡಿಯನ್ನೇ ಬಿಚ್ಚಿ ಮತ್ತೆ ಹಾಕಿದರು. “ಅಕ್ಕ ಹೋದಳು,” ಎಂದರು. ಹತ್ತೂವರೆಯ ವಿಮಾನದಲ್ಲಿ ಒಂದು ಸೀಟು ಸಿಕ್ಕಿತು. ಮಧ್ಯಾಹ್ನ ಮೂರಕ್ಕೆ ಮಂಗಳೂರು, ನಾಲ್ಕೂವರೆಗೆ ಮನೆ. ಸಂಜೆಯ ಅಸರ್ ನಮಾಜಿನ ನಂತರ ದಫನ. ತಮ್ಮ ಬರುವವರೆಗೆ ಕಾಯುತ್ತೇವೆ ಎಂದರು ಊರಿನವರು. ಅದಕ್ಕಿಂತ ತಡಮಾಡುವುದು ಅವರಲ್ಲಿ ಸರಿಯಲ್ಲ.

ಏಳು ಗಂಟೆಗೆ ಹೊರಟೆವು, ಅವರ ವರ್ಕ್‌ಶಾಪಿನ ಬಿಳಿ ಪಿಕಪ್‌ನಲ್ಲಿ. ರಾತ್ರಿ ನಮ್ಮಲ್ಲಿ ನಾಲ್ಕು ಹನಿ ಬಿದ್ದಿತ್ತಷ್ಟೆ. ಈಗ ತೊಳೆದಿಟ್ಟಂಥ ಆಕಾಶ, ಎಳೆ ಬಿಸಿಲು. ಹೆದ್ದಾರಿಗೆ ಹೋಗುವ ದಾರಿಯಲ್ಲಿ ಒಂದು ವಾದಿ ಅಡ್ಡ ಬರುತ್ತದೆ. ವಾದಿ ಎಂದರೆ ಒಣ ಹೊಳೆ. ವರ್ಷವಿಡೀ ಕಲ್ಲು, ಮುಳ್ಳುಕಂಟಿ, ಆಡುಗಳು. ಅಂದು ಅಲ್ಲಿ ಚಹಾದ ಬಣ್ಣದ ನೀರು ರಸ್ತೆಯನ್ನು ದಾಟಿ ಓಡುತ್ತಿತ್ತು. ಮಳೆ ಬಿದ್ದದ್ದು ದೂರದ ಬೆಟ್ಟದಲ್ಲಿ. ಆ ಬೆಟ್ಟಗಳು ಬರಿ ಬಂಡೆ, ಒಂದು ಹನಿಯನ್ನೂ ಕುಡಿಯುವುದಿಲ್ಲ. ಬಿದ್ದದ್ದೆಲ್ಲ ಜಾರಿ, ಕಣಿವೆಗಳಲ್ಲಿ ಕೂಡಿ, ಗಂಟೆಗಳ ನಂತರ ಬಿಸಿಲಿನಲ್ಲಿ ಕೆಳಗಿಳಿಯುತ್ತದೆ. ಇದನ್ನು ನಾನು ಹಿಂದಿನ ವಾರವಷ್ಟೇ ತರಗತಿಯಲ್ಲಿ ಓದಿದ್ದೆ.

ರಸ್ತೆಯಂಚಿನ ಕೆಂಪು ಬಿಳಿ ಪಟ್ಟಿಯ ಕಂಬದಲ್ಲಿ ನೀರು ಕೆಂಪು ಮುಟ್ಟಿತ್ತು, ಅಂದರೆ ದಾಟುವಂತಿಲ್ಲ. ಇನ್ನೊಂದು ದಾರಿಗೆ ತಿರುಗಿಸಿದೆವು; ಅದೇ ವಾದಿ ಅಲ್ಲೂ ನಮಗಿಂತ ಮೊದಲೇ ಬಂದಿತ್ತು. ಮತ್ತೆ ಮೊದಲಿನ ಜಾಗಕ್ಕೆ ಬಂದೆವು. ನಮ್ಮೆದುರೇ ಒಂದು ದೊಡ್ಡ ಎತ್ತರದ ಜೀಪು ನಿಧಾನವಾಗಿ ಇಳಿದು, ಆಚೆ ಹತ್ತಿತು.

“ಅವ ಹೋದ ಅಲ್ಲವಾ,” ಎಂದು ಉಮ್ಮರಿಚ್ಚ ಗೇರಿಗೆ ಕೈ ಹಾಕಿದರು.

ನಾನು ಕೀಲಿ ತಿರುಗಿಸಿ ಕಿತ್ತುಕೊಂಡೆ. “ಬ್ಯಾಡ ಇಚ್ಚಾ. ಅದು ಭಾರದ ಗಾಡಿ. ನಮ್ಮ ಹಿಂದಗಡೆ ಖಾಲಿ ಐತಿ. ಗಾಲಿ ಅರ್ಧ ಮುಳುಗಿದ್ರೆ ಸಾಕು, ಗಾಡಿ ತೇಲಕ್ಕೆ ಶುರು ಆಗ್ತೈತಿ. ಕೆಳಗ ರಸ್ತೆ ಐತೋ ಕೊಚ್ಚಿ ಹೋಗೇತೋ, ಕಾಣಂಗಿಲ್ಲ.”

“ಕೀಲಿ ಕೊಡು ಮಗಾ. ಅವಳು ಕಾಯ್ತಾ ಇದ್ದಾಳೆ.”

‘ಇದ್ದಾಳೆ’ ಎಂದರು. ನಾನು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಕೆಳಗಿಳಿದು ನಿಂತೆ. ಅವರು ಸಿಟ್ಟು ಮಾಡಲಿಲ್ಲ. ಸ್ಟಿಯರಿಂಗ್ ಮೇಲೆ ಎರಡೂ ಕೈಯಿಟ್ಟು ನೀರನ್ನೇ ನೋಡುತ್ತ ಕೂತರು. ಸುಮಾರು ಅರ್ಧ ಗಂಟೆಯ ಮೇಲೆ ನಮ್ಮದೇ ಥರದ ಒಂದು ಬಿಳಿ ಪಿಕಪ್ ಬಂತು, ಒಂದು ಕ್ಷಣ ಅನುಮಾನಿಸಿತು, ಇಳಿಯಿತು, ನಡುವೆ ಒಮ್ಮೆ ಹಿಂಬದಿ ಜಾರಿದಂತೆ ಆಗಿ ದಾಟಿಯೂ ಹೋಯಿತು. ನಾನು ಉಮ್ಮರಿಚ್ಚನ ಮುಖ ನೋಡಲಿಲ್ಲ. ಅವರು ಅದನ್ನು ನೋಡಿದ್ದು ನನಗೆ ಗೊತ್ತು. ಅದರ ಬೆನ್ನಿಗೇ ಪೊಲೀಸ್ ಗಾಡಿ ಬಂದು ಅಡ್ಡ ನಿಂತಿತು. “ಖಲಾಸ್, ಹಿಂದೆ ಹೋಗಿ,” ಎಂದು ಕೈ ಬೀಸಿದರು.

ನೀರು ಇಳಿದದ್ದು ಹನ್ನೊಂದಕ್ಕೆ. ಅಷ್ಟು ಹೊತ್ತಿಗೆ ವಿಮಾನ ನಮ್ಮ ತಲೆಯ ಮೇಲೆ ಎಲ್ಲೋ ಹಾದು ಹೋಗಿತ್ತು. ಉಮ್ಮರಿಚ್ಚ ಊರಿಗೆ ಫೋನ್ ಮಾಡಿದರು. “ಕಾಯಬೇಡಿ,” ಎಂದಷ್ಟೇ ಹೇಳಿದರು. ಮಧ್ಯಾಹ್ನ ಕೋಣೆಯಲ್ಲಿ ಕೂತು, ಊರಲ್ಲಿ ಅಕ್ಕನ ಮಗ ಹಿಡಿದಿದ್ದ ಫೋನಿನ ವಿಡಿಯೋದಲ್ಲಿ ದಫನ ನೋಡಿದರು. ಚಿತ್ರ ನಿಂತು ನಿಂತು ಬರುತ್ತಿತ್ತು. ಒಂದೆಡೆ ಯಾರದೋ ಹೆಗಲು ಎರಡು ನಿಮಿಷ ಹಾಗೇ ಉಳಿಯಿತು. ಆಮೇಲೆ ಮಸೀದಿಗೆ ಹೋಗಿ, ದೂರದಲ್ಲಿ ತೀರಿಕೊಂಡವರಿಗಾಗಿ ಮಾಡುವ ನಮಾಜು ಮಾಡಿ ಬಂದರು. ನಾನು ಅನ್ನ, ಮೊಟ್ಟೆ ಮಾಡಿಟ್ಟಿದ್ದೆ. ಉಪ್ಪು ಹಾಕಲು ಮರೆತಿದ್ದೆ. ಅವರು ಬಡಿಸಿದಷ್ಟನ್ನೂ ತಿಂದರು.

ಜನವರಿಯ ಟಿಕೆಟ್ ಅವರು ರದ್ದು ಮಾಡಿದರು. “ಈಗ ಹೋಗಿ ಮಣ್ಣು ನೋಡುವುದಾ?” ಎಂದರು. ಆ ಇಡೀ ಚಳಿಗಾಲ ಅವರು ಕೆಲಸವಿಲ್ಲದೆ ಕೋಣೆಯಲ್ಲಿದ್ದರು. ನನಗೆ ದೋಸೆ ಹೊಯ್ದು ಕೊಟ್ಟರು, ಅಕ್ಕನ ವಿಷಯ ಎತ್ತಲಿಲ್ಲ. ನಾನು ನೀರಿನ ಆಳ, ವೇಗ, ಪಿಕಪ್ಪಿನ ತೂಕ ಎಲ್ಲವನ್ನೂ ಅಂದಾಜಿನಲ್ಲಿ ಹಾಕಿ ಮೂರು ಸಲ ಲೆಕ್ಕ ಮಾಡಿದೆ. ಮೂರು ಸಲವೂ ನಾನೇ ಸರಿ. ಆದರೂ ನಾಲ್ಕನೆಯ ಸಲ ಮಾಡಬೇಕೆನಿಸುತ್ತಿತ್ತು.

ಸೆಮಿಸ್ಟರ್ ಪರೀಕ್ಷೆಯಲ್ಲಿ ಪ್ರಶ್ನೆ ಬಂತು: ಒಣನಾಡಿನ ಕಣಿವೆಗಳಲ್ಲಿ ಮಳೆ ನಿಂತ ಮೇಲೂ ಪ್ರವಾಹ ಬರುವುದೇಕೆ, ವಿವರಿಸಿ. ಎರಡು ಹೆಚ್ಚುವರಿ ಹಾಳೆ ಕೇಳಿ ಬರೆದೆ. ತರಗತಿಗೇ ಹೆಚ್ಚು ಅಂಕ ನನಗೆ. ದಾವಣಗೆರೆಯ ಓಣಿಯಲ್ಲಿ ಅಮ್ಮ ಪೇಡೆ ಹಂಚಿದಳು. ಇಲ್ಲಿ ಉಮ್ಮರಿಚ್ಚ ಒಂದು ಡಬ್ಬಿ ಕೇಸರಿ ಹಲ್ವಾ ತಂದು ನನ್ನ ಮುಂದಿಟ್ಟು, ಚಮಚ ಕೈಗೆ ಕೊಟ್ಟರು.

“ನೀರಿನ ವಿಷಯ ನಿನಗೆ ಚೆನ್ನಾಗಿ ಗೊತ್ತುಂಟು ಅಂತ ನನಗೆ ಅವತ್ತೇ ಗೊತ್ತಾಗಿದೆ,” ಎಂದರು.

ಅದರಲ್ಲಿ ವ್ಯಂಗ್ಯ ಇತ್ತೇ ಎಂದು ನಾನು ಅವರ ಮುಖವನ್ನು ಬಹಳ ಹೊತ್ತು ಹುಡುಕಿದೆ. ಇದ್ದಿದ್ದರೆ ಎಷ್ಟು ಹಗುರಾಗುತ್ತಿತ್ತು! ಮನುಷ್ಯ ನಿಜವಾಗಿಯೇ ಖುಷಿಪಟ್ಟಿದ್ದರು. ತರಗತಿಗೇ ಮೊದಲಿಗನಾದ ನಾನು ಹಲ್ವಾದ ಚಮಚ ಬಾಯಲ್ಲಿಟ್ಟುಕೊಂಡು, ನುಂಗುವುದು ಹೇಗೆಂದು ತಿಳಿಯದೆ ಕೂತಿದ್ದೆ.