ಟಿಕೆಟ್ಟಿನ ಬೆನ್ನ ಮೇಲೆ

ಬಸ್ಸಿನಲ್ಲಿ ನನ್ನ ಪಾಡಿಗೆ ನಾನು ಕೂತರೂ, ಯಾರದಾದರೂ ವಿಷಯ ಬಂದು ನನ್ನ ಮಡಿಲಿಗೇ ಬೀಳುತ್ತದೆ. ಈ ಸಲವೂ ಹಾಗೇ ಆಯಿತು.

೧. ಹಾಳೆ ಇಲ್ಲ

ಹುಣಸೂರಿನಲ್ಲಿ ಸುಬ್ರಹ್ಮಣ್ಯದ ಬಸ್ಸು ಹತ್ತಿ, ರಾಮನಾಮ ಬರೆಯುವ ಪುಸ್ತಕ ತೆಗೆದೆ. ಪಕ್ಕದ ಕಿಟಕಿಯಲ್ಲಿ ಪೇಪರ್ ಹಿಡಿದ ಯುವಕ. ಅವನ ಮುಂದಿನ ಸೀಟಿನಲ್ಲಿ ಒಬ್ಬ ಹೆಣ್ಣುಮಗಳು. ಒಬ್ಬರಿಗೊಬ್ಬರು ಗುರುತಿಲ್ಲ. ಗಾಳಿಗೆ ಅವಳ ವೇಲು ಹಿಂದಕ್ಕೆ ಹಾರಿ ಅವನ ಪೇಪರಿನ ಮೇಲೆ ಬೀಳುತ್ತಿತ್ತು.

ಅವನು ಪೆನ್ನು ಕೇಳಿದ, ಕೊಟ್ಟೆ. ಒಂದು ಹಾಳೆ ಕೇಳಿದ. ರಾಮನಾಮದ ಪುಸ್ತಕದಲ್ಲಿ ಹಾಳೆ ಹರಿಯೋ ಹಂಗಿಲ್ಲ ಕಣಪ್ಪ ಎಂದೆ. ತನ್ನ ಟಿಕೆಟ್ಟಿನ ಹಿಂದೆಯೇ ಬರೆದು, ಕೊಡಲು ನಾಚಿ, ನನ್ನ ಕೈಗಿಟ್ಟ. ಓದಬಾರದಿತ್ತು, ಓದಿದೆ: ‘ನಿಮ್ಮ ವೇಲು ನನ್ನ ಪೇಪರಿನ ಪುಟ ತಿರುಗಿಸ್ತಾ ಇದೆ. ತೊಂದರೆ ಏನಿಲ್ಲ.’

ಮುಂದಿನ ಸೀಟಿಗೆ ದಾಟಿಸಿದೆ. ಅವಳು ಓದಿ, ತಿರುಗದೆಯೇ ಪೆನ್ನಿಗೆ ಕೈಚಾಚಿದಳು. ತನ್ನ ಟಿಕೆಟ್ಟಿನ ಹಿಂದೆ ಬರೆದದ್ದು: ‘ಹುಣಸೂರಿಂದ ಒಂದೇ ಪುಟ ನೋಡ್ತಿದೀರ. ಪಾಪ, ವೇಲಿಗೇ ಬೇಜಾರಾಗಿರಬೇಕು.’

ಅವನು ಅದನ್ನು ಜೇಬಿಗಿಟ್ಟು, ಇಲ್ಲದ ಮೀಸೆ ತಿರುವಿದ.

೨. ಪೇಪರಿನ ಅಂಚು

ಪಿರಿಯಾಪಟ್ಟಣ ದಾಟಿದ ಮೇಲೆ ಪೇಪರಿನ ಅಂಚು ಹರಿದು ಬರೆದ: ‘ಮಡಿಕೇರೀಲಿ ಬಸ್ಸು ನಿಲ್ಲುತ್ತೆ. ಒಂದು ಕಾಫಿ ಕುಡಿಯೋಣವಾ? ಇಷ್ಟ ಇಲ್ಲದಿದ್ದರೆ ಸುಮ್ಮನಿದ್ದುಬಿಡಿ, ಮತ್ತೆ ಬರೆಯಲ್ಲ.’

ಅವಳು ಓದಿ ಮಡಿಸಿ ಕೈಯಲ್ಲಿಟ್ಟುಕೊಂಡಳು. ಪೆನ್ನು ಕೇಳಲಿಲ್ಲ. ಅವನು ಪೇಪರನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದ. ನಾನು, ಸಂಬಂಧವೇ ಇಲ್ಲದವನಂತೆ, ರಾಮನಾಮ ಮುಂದುವರಿಸಿದೆ.

೩. ಚೆಕಿಂಗು

ಕುಶಾಲನಗರದಲ್ಲಿ ಚೆಕಿಂಗಿನವರು ಹತ್ತಿದರು. ಯುವಕ ಜೇಬಿನಿಂದ ಟಿಕೆಟ್ ತೆಗೆದು ಕೊಟ್ಟ.

“ಏನಪ್ಪ, ಇದು ಹೆಂಗಸರ ಫ್ರೀ ಟಿಕೆಟ್ಟು. ನೀನು ಯಾವಾಗಿಂದ?”

ಬಸ್ಸೆಲ್ಲ ತಿರುಗಿ ನೋಡಿತು. ಅವನ ಮುಖ ಕೆಂಪಾಯಿತು. ದಂಡಕ್ಕಿಂತ, ನಿಜ ಹೇಳಿದರೆ ಅವಳ ಮಾನ ಏನಾದೀತೆಂಬ ಭಯ ಅವನಿಗೆ. ಎಲ್ಲೋ ಬಿತ್ತು ಸಾರ್, ದಂಡ ಕಟ್ತೀನಿ ಎಂದ.

ಮುಂದಿನ ಸೀಟಿನಿಂದ ಅವಳು ಎದ್ದಳು. “ಅದು ನಂದು ಸಾರ್. ಅವರದು ನನ್ನ ಹತ್ರ ಇದೆ.” ಆಧಾರ್ ಕಾರ್ಡು, ಟಿಕೆಟ್ಟು, ಪೇಪರಿನ ಚೂರು, ಮೂರೂ ಒಟ್ಟಿಗೇ ಅವರ ಕೈಗೆ ಹೋದವು.

ಅವರು ಎಲ್ಲವನ್ನೂ ಹಿಂದೆಮುಂದೆ ಓದಿದರು. ಇಳಿಯುವವರೆಗೂ ಅವರವರ ಟಿಕೆಟ್ಟು ಅವರವರ ಹತ್ತಿರವೇ ಇರಬೇಕು ಎಂದು ಗದರಿ, ಬದಲಾಯಿಸಿ ಕೊಟ್ಟರು. ಚೂರನ್ನು ಮಾತ್ರ ಹಿಡಿದುಕೊಂಡು, “ಇದಕ್ಕೆ ಉತ್ತರ ಇಲ್ಲವಲ್ಲಮ್ಮ?” ಎಂದರು.

“ಕಾಫಿ ಬೇಡ ಸಾರ್.”

ಯುವಕ ತಲೆ ತಗ್ಗಿಸಿದ.

“ಟೀ ಆದ್ರೆ ಕುಡೀತೀನಿ.”

ಬಸ್ಸೆಲ್ಲ ನಕ್ಕಿತು. ಆಮೇಲೆ ಅವರು ನನ್ನ ಕಡೆ ತಿರುಗಿದರು. ನನ್ನ ಟಿಕೆಟ್ಟು ಪುಸ್ತಕದೊಳಗಿತ್ತು, ತೆರೆದು ತೋರಿಸಿದೆ. ಅವರು ಟಿಕೆಟ್ಟು ಬಿಟ್ಟು ಪುಟವನ್ನೇ ನೋಡುತ್ತ ನಿಂತರು.

“ಯಜಮಾನ್ರೇ, ಇದು ಯಾವ ಸ್ತೋತ್ರ?”

ನಾನೂ ಬಗ್ಗಿ ನೋಡಿದೆ. ನನ್ನದೇ ದುಂಡು ಅಕ್ಷರ: ‘ಶ್ರೀರಾಮ, ಶ್ರೀರಾಮ, ಶ್ರೀರಾಮ, ಹೂಂ ಅಂದ್ಬುಡು ತಾಯಿ, ಶ್ರೀರಾಮ.’