ನೀರುದೋಸೆ: ಮುಂಗಡ ಬುಕಿಂಗ್ ಇದ್ದವರಿಗೆ ಮಾತ್ರ

ನಾಲ್ಕು ಸಾಲಿನ ಆಮಂತ್ರಣ ಬರೆಯುವುದು ನನ್ನಂಥವಳಿಗೆ ಎಷ್ಟರ ಕೆಲಸ! ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಮೈಸೂರಿನ ಕಾಲೇಜೊಂದನ್ನು ನಿವೃತ್ತಿಯವರೆಗೆ ನಡುಗಿಸಿದವಳು ನಾನು. ಈಗ ಮಗನ ಜೊತೆ ಇರುವುದು ಸೌದಿಯ ದಮ್ಮಾಮಿನಲ್ಲಿ. ಇಲ್ಲಿನ ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಪೋಸ್ಟರ್ ಸಿದ್ಧವಾಗಿತ್ತು. ಫೇಸ್‌ಬುಕ್ಕಿನಲ್ಲಿ ಅದರ ಜೊತೆ ಹಾಕುವ ಬರಹವನ್ನು ಹಸೀನಾಗೆ ಕಾರ್ಯದರ್ಶಿ ಅಬ್ದುಲ್ ಸಮದ್ ವಹಿಸುವ ಮೊದಲೇ ನಾನು ಕಿತ್ತುಕೊಂಡೆ.

ಹಸೀನಾ! ಉಡುಪಿಯವಳು, ನೀರುದೋಸೆಯ ಚಕ್ರವರ್ತಿನಿ. ಕಳೆದ ವರ್ಷ ಅವಳ ಸ್ಟಾಲಿನ ಮುಂದೆ ಜನಸಾಗರ. ಪಕ್ಕದಲ್ಲೇ ಇದ್ದ ನನ್ನ ಬಿಸಿಬೇಳೆಬಾತಿನ ಮುಂದೆ ನಮ್ಮ ಯಜಮಾನರು ಒಬ್ಬರೇ, ಅದೂ ಕುರ್ಚಿ ಸಿಕ್ಕಿತೆಂದು! ಈ ಸಲ ಅವಳಿಗಿಂತ ಮೊದಲು ನನ್ನ ಪಾತ್ರೆ ಖಾಲಿಯಾಗಲೇಬೇಕು.

ಬರೆದೆ:

"ಶುಕ್ರವಾರ ಸಂಜೆ ಐದಕ್ಕೆ ಎಲ್ಲರೂ ಬನ್ನಿ. ಟಿಕೆಟ್ ದೊಡ್ಡವರಿಗೆ ಇಪ್ಪತ್ತು ರಿಯಾಲ್, ಪುಟ್ಟ ಮಕ್ಕಳಿಗೆ ಉಚಿತ. ಟಿಕೆಟ್ ಕಾರ್ಯಕ್ರಮಕ್ಕೆ ಮಾತ್ರ. ಸ್ಟಾಲುಗಳ ತಿಂಡಿಗೆ ಬೇರೆ ಕೂಪನ್. ಕೆಳಗಿನ ನಂಬರಿಗೆ ವಾಟ್ಸ್ಆ್ಯಪ್ ಮಾಡಿ. ಲೊಕೇಶನ್ ಕಾಮೆಂಟಿನಲ್ಲಿದೆ. ಬಿಸಿಬೇಳೆಬಾತ್: ಯಥೇಚ್ಛ, ಯಾವಾಗ ಬಂದರೂ ಸಿಗುತ್ತದೆ. ನೀರುದೋಸೆ: ಸ್ವಲ್ಪವೇ ಇದೆ, ಮುಂಗಡ ಬುಕಿಂಗ್ ಇದ್ದವರಿಗೆ ಮಾತ್ರ."

ಒಂದು ದೋಸೆಗಾಗಿ ಬುಕಿಂಗ್ ಮಾಡುವ ರಗಳೆ ಯಾರಿಗೆ ಬೇಕು!

ಯಜಮಾನರು ಕನ್ನಡಕ ಏರಿಸಿದರು. "ಸ್ವಲ್ಪವೇ ಇದೆ ಅಂತ ಆ ಹುಡುಗಿ ಹೇಳಿದ್ಲೇನೇ?"

"ಅಂದಾಜು ಕಣ್ರೀ. ವಿಜ್ಞಾನದಲ್ಲಿ ಅಂದಾಜಿಗೂ ಜಾಗವಿದೆ."

"ಹೊಟ್ಟೆಕಿಚ್ಚಿಗೂ ಇದೆಯಾ?"

ಉತ್ತರಿಸುವಷ್ಟು ಯೋಗ್ಯ ಪ್ರಶ್ನೆಯಲ್ಲ. ಪೋಸ್ಟ್ ಹಾಕಿಸಿದೆ.

ಕಾಮೆಂಟುಗಳು ಸುರಿದವು! "ನಂಗೆ ಎಂಟು ದೋಸೆ ಬರ್ಕೊಳ್ಳಿ ಮಾರಾಯ್ರೆ!" "ಎಂತ, ಆಗ್ಲೇ ಮುಗೀತಾ? ಹಫ್ರ್ ಅಲ್ ಬಾತಿನ್‌ನಿಂದ ಅಷ್ಟು ದೂರ ಗಾಡಿ ಓಡಿಸಿಕೊಂಡು ಬರೋದು, ನಮಗೆ ಎತ್ತಿಡಿ!" ಬಿಸಿಬೇಳೆಬಾತಿಗೆ ಒಂದು ಲೈಕ್ ಕೂಡ ಇಲ್ಲ.

ಸಮದ್ ಫೋನ್ ಮಾಡಿದ. "ಮೇಡಮ್, ಎಂಥ ಬುದ್ಧಿ ನಿಮ್ಮದು! ಟಿಕೆಟ್ ಕೇಳುವವರೆಲ್ಲ ಮೊದಲು ದೋಸೆ ಉಂಟಾ ಅಂತ ಕೇಳ್ತಾರೆ!"

"ಆ ಕೊನೆಯ ಸಾಲು ತೆಗೆದುಬಿಡಪ್ಪ."

"ತೆಗೆದು ಎಂತ ಮಾಡುದು? ಎಲ್ಲ ಗ್ರೂಪಿಗೂ ಹೋಗಿ ಆಯ್ತಲ್ಲ!"

ಶುಕ್ರವಾರ ಹಸೀನಾಳ ಕಾವಲಿಗಳು ಮೂರು, ಸಾಲು ಗೇಟಿನವರೆಗೆ. ನನ್ನ ಮುಂದೆ ಹಾದವರೆಲ್ಲ, "ನಿಮ್ಮದು ಹೇಗೂ ಇರ್ತದಲ್ಲ ಆಂಟಿ, ಆಮೇಲೆ ಬರ್ತೇವೆ" ಎಂದರು. ಯಾರೂ ಬರಲಿಲ್ಲ. ಬಾತ್ ಗಟ್ಟಿಯಾಗುತ್ತ ಹೋಯಿತು. ಕೊನೆಗೆ ಸೌಟು ಯಾರ ಆಸರೆಯೂ ಇಲ್ಲದೆ ನೆಟ್ಟಗೆ ನಿಂತಿತು!

ಎಲ್ಲ ಮುಗಿದ ಮೇಲೆ ಹಸೀನಾ ಬೆವರು ಒರೆಸಿಕೊಳ್ಳುತ್ತ ಬಂದಳು. ಜಗಳಕ್ಕೆಂದು ಸೆರಗು ಸಿಕ್ಕಿಸಿದೆ.

"ಆಂಟಿ, ನನ್ನ ದೋಸೆ ಬಗ್ಗೆ ಇಷ್ಟು ಪ್ರೀತಿಯಲ್ಲಿ ಯಾರೂ ಬರೆದಿರ್ಲಿಲ್ಲ! ನಂಗೆ ಒಂದು ದೋಸೆಯೂ ಉಳೀಲಿಲ್ಲ ನೋಡಿ. ಹಸಿವಾಗ್ತಾ ಉಂಟು. ನಿಮ್ಮ ಬಾತ್ ಕೊಡಿ."

ಬೇಡವೆಂದರೂ ಕೂಪನ್ ಕೊಟ್ಟಳು. ಆ ಸಂಜೆ ನನಗೆ ಬಂದ ಏಕೈಕ ಕೂಪನ್! ಎರಡು ತಟ್ಟೆ ಮುಗಿಸಿ, ಬೆರಳು ನೆಕ್ಕಿ, ಮೆಲ್ಲಗೆ ಹೇಳಿದಳು:

"ಉಪ್ಪು ಮಾತ್ರ ಚೂರು ಕಮ್ಮಿ ಆಂಟಿ."

ರುಚಿ ನೋಡಿದೆ. ನಿಜವಾಗಿಯೂ ಕಮ್ಮಿಯಿತ್ತು. ಅದನ್ನಂತೂ ನಾನು ಅವಳಿಗೆ ಎಂದಿಗೂ ಕ್ಷಮಿಸಲಾರೆ!